ಬಾಲ್ಕನಿಯ ಹೂವಿಗೊಂದು ಅಡಿಬರಹ

ಚಿತ್ರವೊಂದರ ಕೆಳಗೆ ಒಂದೆರಡು ಸಾಲು ಬರೆಯುವುದು ದೊಡ್ಡ ಕೆಲಸವೇನೂ ಅಲ್ಲವೆಂದು ನಾನು ಎಣಿಸಿದ್ದೆ. ಕೋಡಿಹಳ್ಳಿಯ ನಮ್ಮ ಮಹಡಿ ಮನೆಯ ಬಾಲ್ಕನಿಯಲ್ಲಿ ಆರು ವರ್ಷ ಕಾದ ಬಳಿಕ ಒಂದು ಗಿಡ ಹೂ ಬಿಟ್ಟಿತು. ಅದರ ಚಿತ್ರ ತೆಗೆಯಲು ಐದು ನಿಮಿಷ ಸಾಕಾಯಿತು. ಆದರೆ ಅದರ ಅಡಿಬರಹಕ್ಕೆ ಅರ್ಧ ರಾತ್ರಿ ಬೇಕಾಯಿತು. ಆ ರಾತ್ರಿ ನಾನು ಹೂವನ್ನು ಹೇಗೆ ನೋಡಿದೆ, ಏನನ್ನು ಬರೆದೆ, ಏನನ್ನು ಹೊಡೆದುಹಾಕಿದೆ ಎಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತೇನೆ.

ಗಿಡದ ಮೂಲ ತಿಪಟೂರಿನದು. ನನಗಿಂತ ಹನ್ನೆರಡು ವರ್ಷ ಹಿರಿಯಳಾದ ನನ್ನ ಅಕ್ಕನನ್ನು ಕೊಟ್ಟ ಊರು ಅದು. 2018ರ ಜೂನ್ ತಿಂಗಳಿನಲ್ಲಿ ಹೋಗಿದ್ದಾಗ ಅವಳು ತನ್ನ ಹಿತ್ತಿಲಿನ ಬ್ರಹ್ಮಕಮಲದಿಂದ ಒಂದು ಗೇಣುದ್ದದ ಎಲೆಯನ್ನು ಕತ್ತರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು. ಬುಡ ಯಾವುದು, ತುದಿ ಯಾವುದು ಎಂದು ಮರೆಯದಿರಲೆಂದು ಬುಡದ ಕಡೆ ಒಂದು ದಾರವನ್ನೂ ಕಟ್ಟಿದಳು. "ಹೂ ಬಿಟ್ಟ ರಾತ್ರಿ ನನಗೆ ತೋರಿಸಬೇಕು ಕಣೆ" ಎಂದಳು. "ಆಗಲಿ ಅಕ್ಕ" ಎಂದು ಮಾತು ಕೊಟ್ಟು ಬಂದೆ.

ಅವಳು ಹೇಳಿಕೊಟ್ಟಂತೆಯೇ ಆ ತುಂಡನ್ನು ಒಂದು ವಾರ ನೆರಳಿನಲ್ಲಿ ಇಟ್ಟೆ. ಕತ್ತರಿಸಿದ ಜಾಗ ಒಣಗಿ ಗಟ್ಟಿಯಾಗದೆ ನೆಟ್ಟರೆ ಬುಡ ಕೊಳೆಯುತ್ತದೆ. ಬಳಿಕ ಕೆಂಪು ಮಣ್ಣು, ಮರಳು, ಬಿಡಿಸಿದ ತೆಂಗಿನ ನಾರು, ಸ್ವಲ್ಪ ಹಳೆಯ ಕೊಟ್ಟಿಗೆ ಗೊಬ್ಬರ ಇವುಗಳನ್ನು ಬೆರೆಸಿ, ಎರಡು ಅಂಗುಲ ಆಳಕ್ಕೆ ನೆಟ್ಟು, ಆಸರೆಗೆ ಒಂದು ಕಡ್ಡಿ ಊರಿದೆ. ಈ ಗಿಡ ತನ್ನ ತವರಿನಲ್ಲಿ ಮರಗಳ ಕೊಂಬೆಯ ಸಂದಿನಲ್ಲಿ ಒಟ್ಟುಗೂಡಿದ ಎಲೆಗೊಬ್ಬರದಲ್ಲಿ ಬೇರೂರಿ ಬೆಳೆಯುವಂಥದು. ಆದ್ದರಿಂದ ನೀರು ನಿಲ್ಲುವ ಅಂಟುಮಣ್ಣು ಇದಕ್ಕೆ ಒಗ್ಗದು. ಒಂದು ತಿಂಗಳಾಗುವ ಹೊತ್ತಿಗೆ ಮೆಲ್ಲನೆ ಎಳೆದು ನೋಡಿದರೆ ತುಂಡು ಅಲುಗಲಿಲ್ಲ. ಬೇರು ಹಿಡಿದಿತ್ತು.

ಹೀಗೆ ಬೇರೂರಿದ ತುಂಡು ಎರಡು ಮೂರು ವರ್ಷಗಳಲ್ಲಿ ಹೂ ಬಿಡುವುದು ಸಾಮಾನ್ಯ. ನನ್ನದು ಬಿಡಲಿಲ್ಲ. ಗಿಡ ಸೊರಗಿದ್ದರೆ ಸಮಾಧಾನವಾದರೂ ಇರುತ್ತಿತ್ತು. ಅದು ದಿನೇ ದಿನೇ ಸೊಂಪಾಗಿ ಬೆಳೆಯುತ್ತಿತ್ತು. ಅದರಲ್ಲಿಯೇ ತೊಡಕು ಅಡಗಿದೆಯೆಂದು ನನಗೆ ತಿಳಿಯಲಿಲ್ಲ. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಹೆಚ್ಚು. ಪಕ್ಕದ ಹುಳುಮನೆಯಿಂದ ಹುಳುವಿನ ಹಿಕ್ಕೆಯೂ ಉಳಿದ ಸೊಪ್ಪೂ ಬೆರೆತ ಕಸವನ್ನು ತಂದು ತಿಂಗಳಿಗೊಮ್ಮೆ ಕುಂಡಕ್ಕೆ ಸುರಿಯುತ್ತಿದ್ದೆ. ಅದು ಬಲು ಸತ್ವದ ಗೊಬ್ಬರ. ಹಿಪ್ಪುನೇರಳೆಯ ತೋಟಕ್ಕೂ ರಾಗಿಯ ಹೊಲಕ್ಕೂ ಒಳ್ಳೆಯದು. ಆದರೆ ಸಾರಜನಕ ಹೆಚ್ಚಾದರೆ ಕುಂಡದ ಗಿಡ ಎಲೆಯನ್ನೇ ಬೆಳೆಸುತ್ತಾ ಹೋಗುತ್ತದೆ, ಮೊಗ್ಗಿನ ಯೋಚನೆಯನ್ನೇ ಮಾಡುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಾವು ಎಲೆ ಎನ್ನುವುದು ಈ ಗಿಡದಲ್ಲಿ ನಿಜವಾದ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದರ ಎರಡೂ ಅಂಚುಗಳಲ್ಲಿ ಅಲೆಯಲೆಯಾಗಿ ಕಚ್ಚುಗಳಿರುತ್ತವೆ. ಹೊಸದರಲ್ಲಿ ಕಡುಹಸುರಾಗಿ ಮಿನುಗುವ ಈ ಕಾಂಡಗಳು ವಯಸ್ಸಾದಂತೆ ಮಾಸುತ್ತವೆ. ಅಂಚು ಒರಟಾಗಿ, ಕೆಲವೆಡೆ ಕಂದು ಚುಕ್ಕೆ ಬೀಳುತ್ತದೆ. ಕಿರಿದಾದ ಬಾಲ್ಕನಿ, ಬಟ್ಟೆ ಒಣಗಹಾಕಲು ಹೋದರೆ ಸೀರೆಗೆ ಸಿಕ್ಕುತ್ತಿದ್ದವು. ಹಳೆಯವು ನೋಡಲು ಚೆನ್ನಾಗಿಲ್ಲವೆಂದು 2020ರಲ್ಲಿ, 2021ರಲ್ಲಿ, ಪುನಃ 2022ರ ಯುಗಾದಿಯ ಮುನ್ನ, ಮನೆ ಸಾರಿಸಿ ಗುಡಿಸುವಾಗ ಅವುಗಳನ್ನೂ ಕತ್ತರಿಸಿ ಎಸೆದೆ. ಹೊಸ ಹಸುರು ಮಾತ್ರ ಉಳಿಯುತ್ತಿತ್ತು. ಬಂದವರು "ಗಿಡ ಎಷ್ಟು ಚೊಕ್ಕವಾಗಿದೆ!" ಎನ್ನುತ್ತಿದ್ದರು.

2022ರ ಜುಲೈಯಲ್ಲಿ ತಿಪಟೂರಿಗೆ ಹೋದಾಗ ಅಕ್ಕನ ಗಿಡ ಮೊಗ್ಗಾಗಿತ್ತು. ನಾನು ಹತ್ತಿರ ಹೋಗಿ ನೋಡಿದೆ. ಏಳು ಮೊಗ್ಗುಗಳು, ಏಳೂ ಮಾಸಿದ, ಒರಟಾದ, ನಮ್ಮ ಮನೆಯಲ್ಲಾಗಿದ್ದರೆ ನಾನು ಕತ್ತರಿಸಿಬಿಡುತ್ತಿದ್ದ ಹಳೆಯ ಕಾಂಡಗಳ ಕಚ್ಚುಗಳಿಂದಲೇ ಹೊರಟಿದ್ದವು. ಹೊಳೆಯುವ ಹೊಸ ಕಾಂಡ ಒಂದರಲ್ಲಿಯೂ ಮೊಗ್ಗಿರಲಿಲ್ಲ. ಬಲಿತ ಕಾಂಡದಲ್ಲಿಯೇ ಈ ಗಿಡ ಹೂ ಬಿಡುವುದು ಎಂಬುದು ಆ ಕ್ಷಣ ನನಗೆ ಹೊಳೆಯಿತು. ಮೂರು ವರ್ಷದ ಹೂಗಳನ್ನು ನಾನೇ ಕೈಯಾರೆ ತಿಪ್ಪೆಗೆ ಹಾಕಿದ್ದೆ.

ಅಲ್ಲಿಯೇ ಅಕ್ಕನಿಗೆ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು. ಗ್ಲಾಕೋಮಾ ಎಂದು ವೈದ್ಯರು ಹೇಳಿದ್ದರು. ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ರೋಗವದು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಕಾಪಾಡಿಕೊಳ್ಳಬೇಕಷ್ಟೆ. ನನ್ನನ್ನು ಅವಳು ಮುಖದಿಂದಲ್ಲ, ದನಿಯಿಂದ ಗುರುತಿಸಿದಳು. "ನಿನ್ನ ಗಿಡ ಇನ್ನೂ ಬಿಟ್ಟಿಲ್ಲವೇನೆ?" ಎಂದು ಕೇಳಿದಳು. "ಇಲ್ಲ ಅಕ್ಕ" ಎಂದೆ. ಅದು ಸುಳ್ಳಲ್ಲ, ಪೂರ್ಣ ನಿಜವೂ ಅಲ್ಲ.

ಊರಿಗೆ ಬಂದವಳು ಕತ್ತರಿಯನ್ನು ಒಳಗಿಟ್ಟೆ. ಹುಳುಮನೆಯ ಕಸ ನಿಲ್ಲಿಸಿದೆ. ಗೋಡೆಯ ಮರೆಯಲ್ಲಿದ್ದ ಕುಂಡವನ್ನು ಬೆಳಗಿನ ಎಳೆಬಿಸಿಲು ಬೀಳುವ ಮೂಡಣ ಮೂಲೆಗೆ ಸರಿಸಿದೆ. ಮಧ್ಯಾಹ್ನದ ಬಿಸಿಲು ಕಾಂಡವನ್ನು ಸುಟ್ಟು ಹಳದಿ ಮಾಡುತ್ತದೆ, ಪೂರ್ತಿ ನೆರಳಿನಲ್ಲಿ ಹೂ ಬಾರದು; ಬೆಳಗಿನ ಎರಡು ತಾಸಿನ ಬಿಸಿಲೇ ಹದ. 2023ರ ಆಗಸ್ಟಿನಲ್ಲಿ ಎರಡು ಮೊಗ್ಗು ಕಾಣಿಸಿದವು. ಸಂಭ್ರಮದಲ್ಲಿ, ಎಲ್ಲರಿಗೂ ಕಾಣಲೆಂದು ಕುಂಡವನ್ನು ಬಾಗಿಲ ಬಳಿಗೆ ತಿರುಗಿಸಿಟ್ಟೆ, ನೀರನ್ನೂ ಎರಡರಷ್ಟು ಹಾಕಿದೆ. ಐದನೆಯ ದಿನ ಎರಡೂ ಹಳದಿಯಾಗಿ ಉದುರಿದವು. ಮೊಗ್ಗು ಕಚ್ಚಿದ ಮೇಲೆ ಕುಂಡದ ಜಾಗ, ಬೆಳಕು ಬರುವ ದಿಕ್ಕು, ನೀರಿನ ಅಳತೆ ಇವುಗಳನ್ನು ದಿಢೀರನೆ ಬದಲಿಸಿದರೆ ಈ ಗಿಡ ಮೊಗ್ಗನ್ನು ಬಿಟ್ಟುಕೊಡುತ್ತದೆ. ಮೊಗ್ಗಿನ ತೊಟ್ಟು ಹಸುರಾಗಿ ಬಿಗಿಯಾಗಿದ್ದರೆ ಭಯವಿಲ್ಲ. ತೊಟ್ಟಿನ ಬುಡ ಹಳದಿಗೆ ತಿರುಗಿತೆಂದರೆ ಅದು ನಿಲ್ಲುವುದಿಲ್ಲ. ಇದು ಆ ವರ್ಷ ನಾನು ಕಲಿತ ಪಾಠ.

2024ರ ಜುಲೈ 18ರಂದು, ಎರಡು ವರ್ಷ ಕತ್ತರಿ ಕಾಣದ ಒಂದು ಕಾಂಡದ ತುದಿಯಿಂದ ಮೂರನೆಯ ಕಚ್ಚಿನಲ್ಲಿ ಜೋಳದ ಕಾಳಿನಷ್ಟು ಕೆಂಪು ಮೊಗ್ಗು ಕಂಡಿತು. ಈ ಸಲ ಯಾರಿಗೂ ಹೇಳಲಿಲ್ಲ, ಕುಂಡವನ್ನು ಕೂದಲೆಳೆಯಷ್ಟೂ ಕದಲಿಸಲಿಲ್ಲ. ದಿನಸಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾಂಕ ಹಾಕಿ ಕಂಡದ್ದನ್ನು ಬರೆಯತೊಡಗಿದೆ. ಮೊದಲ ಎರಡು ವಾರ ಮೊಗ್ಗಿನ ತೊಟ್ಟು ಉದ್ದವಾಗುತ್ತಾ ಕೆಳಗೆ ಜೋತುಬಿತ್ತು. ಬಳಿಕ ಅದರ ಕುತ್ತಿಗೆ ಮೆಲ್ಲಮೆಲ್ಲನೆ ಮೇಲಕ್ಕೆ ಬಾಗಿತು. ಕೊನೆಯ ದಿನಗಳಲ್ಲಿ ನೀರು ಸೇದುವ ಕೊಕ್ಕೆಯಂತೆ ತಿರುಗಿ ನಿಂತಿತು. ಮೊಗ್ಗು ಉಬ್ಬಿ, ಕೆಂಪು ಹೊರದಳಗಳ ಸಂದಿನಲ್ಲಿ ಬಿಳುಪು ಇಣುಕಿದರೆ ಅಂದಿನ ರಾತ್ರಿಯೇ ಅರಳುತ್ತದೆ ಎಂದು ಅಕ್ಕ ಹೇಳಿದ್ದಳು. ಆಗಸ್ಟ್ 12ರ ಬೆಳಗ್ಗೆ ಬಿಳುಪು ಇಣುಕಿತು. ಅಂದು ಎರಡನೆಯ ಶ್ರಾವಣ ಸೋಮವಾರ.

ಸಂಜೆ ಏಳೂಕಾಲಕ್ಕೆ ಮೊಗ್ಗಿನ ತುದಿ ಸಡಿಲವಾಯಿತು. ಎಂಟೂವರೆಗೆ ಹೂವು ಬಟ್ಟಲಿನಷ್ಟು ತೆರೆದಿತ್ತು, ಪರಿಮಳ ಶುರುವಾಗಿತ್ತು. ಕಣ್ಣು ರೆಪ್ಪೆ ಮುಚ್ಚದೆ ನೋಡಿದರೆ ಎಸಳು ಅಲುಗುವುದು ಕಾಣದು. ಒಳಗೆ ಹೋಗಿ ರೊಟ್ಟಿ ತಟ್ಟಿ ಬಂದು ನೋಡಿದರೆ ಮುಂಚಿನಂತಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಅದು ಪೂರ್ತಿ ಬಿಚ್ಚಿಕೊಂಡಿತು. ಮುಕ್ಕಾಲು ಗೇಣಗಲ. ಒಳಗೆ ನೂರಾರು ಸಣ್ಣ ಕೇಸರಗಳು, ಅವುಗಳ ನಡುವಿನಿಂದ ಹೊರಚಾಚಿದ ಒಂದು ಬಿಳಿಯ ಕಡ್ಡಿ, ಅದರ ತುದಿಯಲ್ಲಿ ಸಣ್ಣ ನಕ್ಷತ್ರದಂತೆ ಬಿಡಿಸಿಕೊಂಡ ಎಳೆಗಳು.

ಹೂವನ್ನು ಕೊಯ್ಯುವ ಮಾತು ಬಂತು. ನಮ್ಮ ಮನೆಯಲ್ಲಿ ಲಿಂಗಪೂಜೆ ಬೆಳಗಿನದು. ಬೆಳಗಾಗುವ ಹೊತ್ತಿಗೆ ಈ ಹೂವು ಬಾಡಿರುತ್ತದೆ, ಬಾಡಿದ್ದನ್ನು ಏರಿಸಲು ಮನಸ್ಸಾಗದು. ಯಜಮಾನರು ಯೋಚಿಸಿ, ಸ್ನಾನ ಮಾಡಿ, ವಿಭೂತಿ ಧರಿಸಿ, ಬಾಲ್ಕನಿಯ ಬಾಗಿಲಲ್ಲಿಯೇ ಮಣೆ ಹಾಕಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತರು. ಹೂವು ಗಿಡದಲ್ಲಿಯೇ ಇತ್ತು. "ಅದು ಇದ್ದಲ್ಲಿಂದಲೇ ಅರ್ಪಿತವಾಯಿತು" ಎಂದಷ್ಟೇ ಹೇಳಿ ಎದ್ದರು.

ಮೊಮ್ಮಗ ಚಿತ್ರ ತೆಗೆದ. ಮೊದಲು ಮೊಬೈಲಿನ ಫ್ಲ್ಯಾಶ್ ಹಾಕಿದಾಗ ಹೂವು ಹಿಟ್ಟಿನ ಮುದ್ದೆಯಂತೆ ಬೆಳ್ಳಗೆ ಬಂತು, ಎಸಳುಗಳ ಗುರುತೇ ಇಲ್ಲ. ಆಮೇಲೆ ನಾನು ಟಾರ್ಚಿಗೆ ತೆಳುವಾದ ಬಿಳಿ ಬಟ್ಟೆ ಸುತ್ತಿ ಪಕ್ಕದಿಂದ ಹಿಡಿದೆ, ಅವನು ಕೆಳಗಿನಿಂದ ತೆಗೆದ. ಎಸಳಿನ ಮೇಲಿನ ಗೆರೆಗಳೂ ಬಂದವು. ಇನ್ನು ಅದಕ್ಕೆ ಅಡಿಬರಹ ಬರೆದು ಬಂಧುಗಳೆಲ್ಲರಿಗೂ, ಮೊದಲಿಗೆ ತಿಪಟೂರಿಗೆ, ಕಳುಹಿಸಬೇಕಾಗಿತ್ತು.

ಮೊಮ್ಮಗ ಕ್ಷಣಮಾತ್ರದಲ್ಲಿ ಬರೆದ: "ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹಿಮಾಲಯದ ಬ್ರಹ್ಮಕಮಲ ನಮ್ಮ ಮನೆಯಲ್ಲಿ!" ಓದಲು ಘನವಾಗಿತ್ತು. ಆದರೆ ಅಕ್ಕನ ಗಿಡ ಪ್ರತಿವರ್ಷವೂ ಬಿಡುತ್ತಿತ್ತು, ಕೆಲವು ಮಳೆಗಾಲಗಳಲ್ಲಿ ಎರಡು ಮೂರು ಸಲ. ಹನ್ನೆರಡು ವರ್ಷದ ಮಾತು ಎಲ್ಲಿಂದ ಬಂತೋ! ಹಿಮಾಲಯದ ಮಾತೂ ಹಾಗೆಯೇ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆ. ಅದು ಎತ್ತರದ ಹಿಮಾಲಯದಲ್ಲಿ ನೆಲದಿಂದೇಳುವ ಸೇವಂತಿಗೆಯ ಕುಲದ ಗಿಡ. ನಮ್ಮ ಮನೆಗಳದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ, ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯ ನಂಟಿನ, ಮುಳ್ಳಿಲ್ಲದ ಕಳ್ಳಿ. ಹೆಸರು ಮಾತ್ರ ಒಂದೇ ಆಯಿತು. ಆ ಹೆಸರಿನಿಂದ ಕರೆಯುವುದರಲ್ಲಿ ತಪ್ಪಿಲ್ಲ. ಆದರೆ ಹೆಸರಿನ ಜೊತೆಗೆ ಇನ್ನೊಂದು ಗಿಡದ ಊರನ್ನೂ ಇದಕ್ಕೆ ಹೊರಿಸಬಾರದು. "ಅಳಿಸು ಮಗು" ಎಂದೆ.

ಬಳಿಕ ನಾನೇ ಬರೆದೆ: "ಇರುಳಿನ ಮೌನದಲ್ಲಿ ಮೂಡಿದ ಮಂದಹಾಸ." ಒಂದು ಗಳಿಗೆ ಮೆಚ್ಚಿಕೊಂಡೆ. ಮರುಗಳಿಗೆ, ಇದನ್ನು ಪಾರಿಜಾತದ ಕೆಳಗೂ ಬರೆಯಬಹುದು, ಸುಗಂಧರಾಜದ ಕೆಳಗೂ ಬರೆಯಬಹುದು ಅನ್ನಿಸಿತು. ನಮ್ಮ ಬಾಲ್ಕನಿಯಾಗಲಿ, ಆ ಮೂರನೆಯ ಕಚ್ಚಾಗಲಿ ಅದರಲ್ಲಿ ಇರಲಿಲ್ಲ. ಅದನ್ನೂ ಹೊಡೆದೆ. ಮೂರನೆಯ ಸಲ, "ದೊಡ್ಡ ಬಿಳಿಯ ಹೂವು, ಹೊರಗೆ ಕೆಂಪು ದಳ" ಎಂದು ಬರೆದೆ. ಇದು ನಿಜವೇ. ಆದರೆ ಚಿತ್ರ ನೋಡುವವರಿಗೆ ಅದು ಹೇಗೂ ಕಾಣುತ್ತದೆ. ಕಂಡದ್ದನ್ನೇ ಪುನಃ ಹೇಳಿದರೆ ಅಡಿಬರಹ ಏಕೆ ಬೇಕು? ಚಿತ್ರಕ್ಕೆ ಹೇಳಲಾಗದ್ದನ್ನು ಅದು ಹೇಳಬೇಕು: ಎಲ್ಲಿಂದ ಬಂತು, ಎಷ್ಟು ಕಾಯಿತು, ಯಾವ ಹೊತ್ತಿಗೆ ಅರಳಿತು, ಪರಿಮಳ ಎಲ್ಲಿಯವರೆಗೆ ಬಂತು.

ಅಷ್ಟರಲ್ಲಿ ನನಗೆ ಅಕ್ಕನ ನೆನಪಾಯಿತು. ಚಿತ್ರವನ್ನು ಅವಳು ನೋಡಲಾರಳು. ಅವಳ ಕಣ್ಣಿಗೆ ಈಗ ಬೆಳಕು ಕತ್ತಲುಗಳಷ್ಟೇ ತಿಳಿಯುತ್ತವೆ. ನಾನು ಬರೆದುದನ್ನು ಅವಳ ಮೊಮ್ಮಗಳು ಓದಿ ಹೇಳುತ್ತಾಳೆ. ಅಂದರೆ ಉಳಿದವರಿಗೆಲ್ಲ ಚಿತ್ರದ ಕೆಳಗಿನ ಸಾಲಾಗುವುದು ಅವಳಿಗೆ ಚಿತ್ರವೇ ಆಗುತ್ತದೆ. ತೋರಿಸುತ್ತೇನೆಂದು ಮಾತು ಕೊಟ್ಟವಳು ನಾನು. ಆರು ವರ್ಷ ತಡವಾಗಿ, ಕಣ್ಣು ಹೋದ ಮೇಲೆ, ಬರಿಯ ಮಾತಿನಿಂದ ತೋರಿಸಬೇಕಾಗಿದೆ. ನಮ್ಮ ಶರಣರು ತಮ್ಮ ನುಡಿಗಳನ್ನು ವಚನವೆಂದು ಕರೆದರು. ವಚನವೆಂದರೆ ಮಾತು, ಕೊಟ್ಟ ಮಾತು ಎಂಬ ಅರ್ಥವೂ ಉಂಟು. ತಡವಾದದ್ದು ಯಾರಿಂದ ಎಂಬುದನ್ನು ಬಿಟ್ಟು ಬರೆದರೆ ಈ ಅಡಿಬರಹ ಕೊಟ್ಟ ಮಾತಿಗೆ ಸಲ್ಲುವುದಿಲ್ಲವೆಂದು ತೋರಿತು.

ಕೈಯಿಂದ ಅಳೆದು ಬಲ್ಲವಳಿಗೆ ಗೇಣಿನ ಲೆಕ್ಕ ಬೇಕು. ಎಲೆಯ ಕಚ್ಚನ್ನು ಬೆರಳಲ್ಲಿ ಬಲ್ಲವಳಿಗೆ ಎಷ್ಟನೆಯ ಕಚ್ಚು ಎಂಬುದು ಬೇಕು. ಹಿಂದಿನ ಹಾಳೆಯ ಟಿಪ್ಪಣಿಗಳನ್ನು ನೋಡಿ, ಬೇಡವಾದುದನ್ನು ಬಿಡುತ್ತಾ, ಕೊನೆಗೆ ಹೀಗೆ ಬರೆದೆ:

"ಅಕ್ಕ, 2018ರಲ್ಲಿ ನೀನು ಕೊಟ್ಟ ಎಲೆ ಈ ರಾತ್ರಿ ಹೂ ಬಿಟ್ಟಿತು. ಹಳೆಯ ಕಾಂಡದ ತುದಿಯಿಂದ ಮೂರನೆಯ ಕಚ್ಚಿನಲ್ಲಿ ಒಂದೇ ಹೂವು, ಮುಕ್ಕಾಲು ಗೇಣಗಲ. ಏಳೂಕಾಲಕ್ಕೆ ತುದಿ ಬಿಚ್ಚಿತು, ಹನ್ನೆರಡಕ್ಕೆ ಪೂರ್ತಿ ಅರಳಿತು. ಬಾಗಿಲು ಮುಚ್ಚಿದರೂ ಪರಿಮಳ ದೇವರ ಮನೆಯವರೆಗೆ ಬಂದಿದೆ. ಹಳೆಯ ಕಾಂಡಗಳನ್ನು ಮೂರು ವರ್ಷ ನಾನೇ ಕತ್ತರಿಸಿದೆ, ಅದಕ್ಕೇ ಇಷ್ಟು ತಡವಾಯಿತು."

ಕೊನೆಯ ವಾಕ್ಯದ ಮೇಲೆ ಬಹಳ ಹೊತ್ತು ಬೆರಳು ಇಟ್ಟುಕೊಂಡು ಕುಳಿತಿದ್ದೆ. ಅದು ಹೂವಿನ ಚಿತ್ರದ ಕೆಳಗೆ ಇರಬೇಕಾದ ಮಾತೇ ಎಂದು ಮೊಮ್ಮಗನೂ ಕೇಳಿದ. ಇರಲಿ ಎಂದೆ. ಒಂದು ಗಂಟೆಗೆ ಕಳುಹಿಸಿದೆವು.

ನಾಲ್ಕೂವರೆಗೆ ಎದ್ದು ನೋಡಿದಾಗ ಎಸಳುಗಳು ಮುದುಡುತ್ತಿದ್ದವು. ಆರು ಗಂಟೆಗೆ ಹೂವು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಆರೂವರೆಗೆ ತಿಪಟೂರಿನಿಂದ ಕರೆ ಬಂತು. ಅಕ್ಕನ ಮೊದಲ ಪ್ರಶ್ನೆ, "ಕುತ್ತಿಗೆ ಚೆನ್ನಾಗಿ ಮೇಲಕ್ಕೆ ಬಾಗಿತ್ತೇನೆ?" ಬಾಗಿತ್ತೆಂದು ಹೇಳಿದೆ. "ಮೂರನೆಯ ಕಚ್ಚು ಎಂದೆಯಲ್ಲ, ಇಲ್ಲಿ ನನ್ನ ಗಿಡದಲ್ಲಿ ಮುಟ್ಟಿ ನೋಡಿದೆ, ತಿಳಿಯಿತು" ಎಂದಳು. ನಾನು ಸುಮ್ಮನಿದ್ದೆ. ಆಮೇಲೆ ಅವಳೇ ನಕ್ಕಳು. "ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೆಯೇ ಗಿಡ ಬೋಳಿಸಿ ಅತ್ತೆಯವರಿಂದ ಬೈಸಿಕೊಂಡಿದ್ದೆ. ನಿನಗೆ ದಾರ ಕಟ್ಟಿಕೊಟ್ಟೆ, ಇದನ್ನು ಹೇಳುವುದನ್ನೇ ಮರೆತೆ ನೋಡು."

ಕುಂಡದ ಮೇಲೆ ಈಗ ಬಣ್ಣದಲ್ಲಿ "ಹಳೆಯ ಕಾಂಡ ಕತ್ತರಿಸಬಾರದು" ಎಂದು ಬರೆಸಿದ್ದೇನೆ. ಕೋಡಿಹಳ್ಳಿಯ ಎರಡು ಮನೆಗಳಿಗೆ ಆ ಗಿಡದಿಂದ ಎಲೆ ಕೊಟ್ಟಿದ್ದೇನೆ. ಬುಡದ ಕಡೆ ದಾರ ಕಟ್ಟಿ, ಅಕ್ಕ ಮರೆತ ಮಾತನ್ನೂ ಜೊತೆಗೆ ಹೇಳಿ ಕೊಟ್ಟಿದ್ದೇನೆ.